ಮನೆಯ ಔಷಧಿ ಡಬ್ಬಿಯ ಲೆಕ್ಕ: ಡೇಟ್ ನೋಡುವುದು, ಬಿಸಾಡುವುದು, ಮತ್ತೆ ತರುವುದು

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಮಗಳಿಗೆ ಜ್ವರ ಬಂತು. ಅವಳಿಗೆ ಆರು ವರ್ಷ, ತೂಕ 18 ಕೆಜಿ. ಡಾಕ್ಟರು ಹಿಂದೆ ಹೇಳಿದ್ದ ಲೆಕ್ಕ ನನಗೆ ಬಾಯಿಪಾಠವಾಗಿತ್ತು: ಪ್ಯಾರಸಿಟಮಾಲ್ ಸಿರಪ್, ಏಳೂವರೆ ಎಂ.ಎಲ್. ಡಬ್ಬಿಯಿಂದ ಬಾಟಲಿ ತೆಗೆದು ಅಳತೆ ಮುಚ್ಚಳಕ್ಕೆ ಸುರಿದೂ ಆಗಿತ್ತು. ಅಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಬಾಟಲಿ ನೋಡಿದರು. "ಇದು ಪುಟ್ಟಿದಲ್ಲ ಕಣಮ್ಮ, ಇದರ ಮೇಲೆ 250 ಅಂತಿದೆ" ಎಂದರು.

ಮಗಳಿಗೆ ಡಾಕ್ಟರು ಬರೆದಿದ್ದು 5 ಎಂ.ಎಲ್‌ನಲ್ಲಿ 120 ಮಿ.ಗ್ರಾಂ ಇರುವ ಸಿರಪ್. ಅದರ ಏಳೂವರೆ ಎಂ.ಎಲ್ ಅಂದರೆ 180 ಮಿ.ಗ್ರಾಂ. ನನ್ನ ಕೈಯಲ್ಲಿದ್ದದ್ದು 5 ಎಂ.ಎಲ್‌ನಲ್ಲಿ 250 ಮಿ.ಗ್ರಾಂ ಇರುವುದು. ಅದೇ ಏಳೂವರೆ ಎಂ.ಎಲ್ ಕುಡಿಸಿದ್ದರೆ 375 ಮಿ.ಗ್ರಾಂ ಹೋಗುತ್ತಿತ್ತು, ಎರಡು ಪಟ್ಟಿಗಿಂತ ಜಾಸ್ತಿ. ಅದು ಬೇಸಿಗೆ ರಜೆಗೆ ಬಂದಿದ್ದ ಭಾವನ ಮಗ ಬಿಟ್ಟುಹೋದ ಬಾಟಲಿ. ಬಣ್ಣ ಒಂದೇ, ಗಾತ್ರವೂ ಒಂದೇ. ಯಾವತ್ತು ಸೀಲ್ ಒಡೆದದ್ದು ಅಂತ ಯಾರಿಗೂ ಗೊತ್ತಿಲ್ಲ. ಮೇಲೆ ಮುದ್ರಿಸಿದ್ದ ಡೇಟ್ ಮಾತ್ರ 2027ರ ಮಾರ್ಚ್‌ವರೆಗೂ ಇತ್ತು.

ಆವತ್ತಿನಿಂದ ನನ್ನ ತಲೆಯಲ್ಲಿ ಕೂತ ವಿಷಯ ಒಂದೇ. ಬಾಟಲಿಯ ಮೇಲಿನ ಡೇಟ್ ಪೂರ್ತಿ ಕಥೆ ಹೇಳುವುದಿಲ್ಲ. ಅದು ಸೀಲ್ ಒಡೆಯದ, ಸರಿಯಾಗಿ ಇಟ್ಟ ಔಷಧಿಯ ಡೇಟ್. ತೆರೆದ ಮೇಲೆ ಇನ್ನೊಂದು ಡೇಟ್ ಶುರುವಾಗುತ್ತದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಿಜವಾದ ಕೊನೆಯ ದಿನ. ಈ ಎರಡನೇ ಡೇಟನ್ನು ಯಾರೂ ಮುದ್ರಿಸಿ ಕೊಡುವುದಿಲ್ಲ, ನಾವೇ ಬರೆಯಬೇಕು. ಕೆಳಗೆ ಹೇಳಿರುವುದು ಈ ಜನವರಿ 11ರಂದು, ಸಂಕ್ರಾಂತಿಯ ಮುಂಚಿನ ಭಾನುವಾರ, ನಮ್ಮ ಶಿವಮೊಗ್ಗದ ಮನೆಯಲ್ಲಿ ಮಾಡಿದ ಲೆಕ್ಕ. ನಾವು ನಾಲ್ಕು ಜನ. ಅತ್ತೆಗೆ ಬಿಪಿ ಮತ್ತು ಶುಗರ್ ಇದೆ.

## ಮೊದಲು ಎಲ್ಲವನ್ನೂ ಒಂದೆಡೆ ಸುರಿಯಿರಿ

ಔಷಧಿ ಡಬ್ಬಿಯೊಂದನ್ನೇ ನೋಡಿದರೆ ಲೆಕ್ಕ ಅರ್ಧವಾಗುತ್ತದೆ. ಫ್ರಿಜ್ ಬಾಗಿಲು, ದೇವರ ಕೋಣೆಯ ಗೂಡು, ಹಾಸಿಗೆ ಪಕ್ಕದ ಡ್ರಾಯರ್, ಆಫೀಸಿನ ಬ್ಯಾಗು, ಕಾರಿನ ಡ್ಯಾಶ್‌ಬೋರ್ಡ್, ಊರಿಗೆ ಹೋಗುವ ಟ್ರಾವೆಲ್ ಚೀಲ, ಎಲ್ಲ ಹುಡುಕಿ. ನಮ್ಮಲ್ಲಿ ಅಡುಗೆಮನೆಯ ಮಸಾಲೆ ಡಬ್ಬದ ಹಿಂದೆಯೂ ಎರಡು ಸ್ಟ್ರಿಪ್ ಸಿಕ್ಕಿತು. ಎಲ್ಲವನ್ನೂ ನೆಲದ ಮೇಲೆ ಹಳೆ ಪೇಪರ್ ಹಾಸಿ ಹರಡಿ. ಚಿಕ್ಕ ಮಕ್ಕಳನ್ನು ಆ ಒಂದು ಗಂಟೆ ಬೇರೆ ಕಡೆ ಕಳಿಸಿ.

ಬೇಕಾಗಿರುವುದು ಒಂದು ನೋಟ್‌ಪುಸ್ತಕ, ಅಳಿಸಿಹೋಗದ ಮಾರ್ಕರ್ ಪೆನ್ನು, ಸ್ವಲ್ಪ ಬಿಳಿ ಟೇಪು. ಮೊಬೈಲ್ ಆ್ಯಪ್ ಕೂಡ ಬಳಸಬಹುದು. ಆದರೆ ಅತ್ತೆಯೂ ನೋಡಬೇಕು ಎಂದು ನಾನು ನೋಟ್‌ಪುಸ್ತಕವನ್ನೇ ಡಬ್ಬಿಯೊಳಗೆ ಇಟ್ಟಿದ್ದೇನೆ.

## ಡೇಟ್ ಓದುವುದು, ಕತ್ತರಿಸಿದ ಸ್ಟ್ರಿಪ್‌ನ ಸಮಸ್ಯೆ

ನಮ್ಮ ದೇಶದ ಔಷಧಿಗಳ ಮೇಲೆ ಎಕ್ಸ್‌ಪೈರಿಯನ್ನು ಸಾಮಾನ್ಯವಾಗಿ ತಿಂಗಳು ಮತ್ತು ವರ್ಷ ಮಾತ್ರ ಕೊಟ್ಟಿರುತ್ತಾರೆ. 08/2027 ಎಂದಿದ್ದರೆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ, ಅಂದರೆ 31-8-2027ರವರೆಗೆ ಬಳಸಬಹುದು ಎಂದರ್ಥ. ಪಕ್ಕದಲ್ಲೇ ತಯಾರಾದ ತಿಂಗಳೂ ಇರುತ್ತದೆ. ಅವಸರದಲ್ಲಿ ಅದನ್ನೇ ಎಕ್ಸ್‌ಪೈರಿ ಎಂದು ಓದಿಕೊಳ್ಳುವವರು ಬಹಳ. ಎರಡರಲ್ಲಿ ದೂರದ ಡೇಟ್ ಎಕ್ಸ್‌ಪೈರಿ.

ದೊಡ್ಡ ಸಮಸ್ಯೆ ಕತ್ತರಿಸಿದ ಸ್ಟ್ರಿಪ್‌ನದು. "ನಾಲ್ಕು ಮಾತ್ರೆ ಸಾಕು" ಎಂದು ಕೇಳುತ್ತೇವೆ, ಅಂಗಡಿಯವರು ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಎಷ್ಟೋ ಸ್ಟ್ರಿಪ್‌ಗಳಲ್ಲಿ ಡೇಟ್ ಮತ್ತು ಬ್ಯಾಚ್ ನಂಬರ್ ಒಂದೇ ತುದಿಯಲ್ಲಿರುತ್ತದೆ. ಆ ತುದಿ ಅಂಗಡಿಯಲ್ಲೇ ಉಳಿದರೆ ನಮ್ಮ ಕೈಗೆ ಬಂದ ನಾಲ್ಕು ಮಾತ್ರೆಗಳಿಗೆ ಡೇಟೇ ಇಲ್ಲ. ಕೆಲವೊಮ್ಮೆ ಹೆಸರೂ ಅರ್ಧ ಹೋಗಿರುತ್ತದೆ. ಅಂಥ ನಾಲ್ಕು ತುಂಡು ನಮ್ಮ ಡಬ್ಬಿಯಲ್ಲಿತ್ತು. ಒಂದು ನೆಗಡಿಗೆ ತೆಗೆದುಕೊಳ್ಳುವ ಸೆಟಿರಿಜಿನ್ ಇರಬೇಕು ಅನಿಸಿತು. "ಇರಬೇಕು" ಎನ್ನುವ ಮಾತ್ರೆಯನ್ನು ಯಾರಿಗೂ ಕೊಡಬಾರದು. ನಾಲ್ಕನ್ನೂ ಬಿಸಾಡುವ ಗುಂಪಿಗೆ ಹಾಕಿದೆ.

ಮುಂದೆ ಹೀಗಾಗದಂತೆ ಒಂದು ಸುಲಭ ದಾರಿ ಇದೆ. ಅಂಗಡಿಯಲ್ಲಿ ಕತ್ತರಿಸುವ ಮೊದಲೇ "ಡೇಟ್ ಇರುವ ಕಡೆಯದ್ದು ನನಗೆ ಕೊಡಿ" ಎನ್ನಿ. ಆಗದಿದ್ದರೆ ಇಡೀ ಸ್ಟ್ರಿಪ್‌ನ ಫೋಟೋ ತೆಗೆದುಕೊಳ್ಳಿ, ಇಲ್ಲವೇ ಕವರಿನ ಮೇಲೆ ಹೆಸರು ಮತ್ತು ಡೇಟ್ ಬರೆಸಿ. ಮನೆಯಲ್ಲಿ ಮಾತ್ರೆ ತೆಗೆಯುವಾಗಲೂ ಡೇಟ್ ಇಲ್ಲದ ತುದಿಯಿಂದಲೇ ಶುರುಮಾಡಿ.

## ತೆರೆದ ದಿನದ ಲೆಕ್ಕ

ಸೀಲ್ ಆಗಿರುವ ಸ್ಟ್ರಿಪ್‌ನಲ್ಲಿ ಪ್ರತಿ ಮಾತ್ರೆಗೂ ಅದರದ್ದೇ ಗೂಡು ಇರುತ್ತದೆ. ಒಂದನ್ನು ತೆಗೆದರೆ ಪಕ್ಕದ್ದಕ್ಕೆ ಗಾಳಿ ತಾಗುವುದಿಲ್ಲ. ಹಾಗಾಗಿ ಮಾತ್ರೆಗೆ ಮುದ್ರಿತ ಡೇಟೇ ಸಾಕು. ದ್ರವ ರೂಪದ್ದು, ಹನಿ ಹಾಕುವುದು, ಡಬ್ಬಿಯಲ್ಲಿ ಬಿಡಿಯಾಗಿ ಬರುವುದು, ಇವಕ್ಕೆ ಹಾಗಲ್ಲ. ಮುಚ್ಚಳ ತೆಗೆದ ಪ್ರತಿ ಸಲವೂ ಗಾಳಿ, ತೇವ, ಬೆರಳು, ಚಮಚ ತಾಗುತ್ತದೆ.

ಕಣ್ಣಿನ ಡ್ರಾಪ್ಸ್ ಇದರಲ್ಲಿ ಮೊದಲನೆಯದು. ಸಾಮಾನ್ಯವಾಗಿ ತೆರೆದ ಮೇಲೆ ನಾಲ್ಕು ವಾರ, ಆಮೇಲೆ ಬಿಸಾಡಬೇಕು. ತುದಿ ರೆಪ್ಪೆಗೆ ತಾಗಿ ಕ್ರಿಮಿ ಒಳಗೆ ಸೇರುತ್ತದೆ, ಅದನ್ನೇ ಮತ್ತೆ ಕಣ್ಣಿಗೆ ಬಿಡುತ್ತೇವೆ. ನಮ್ಮಲ್ಲಿದ್ದ ಡ್ರಾಪ್ಸ್‌ನ ಮುದ್ರಿತ ಡೇಟ್ 05/2027. ಆದರೆ ಅದನ್ನು ತೆರೆದದ್ದು ನವೆಂಬರ್ 20ಕ್ಕೆ. ಮಗಳಿಗೆ ಕಣ್ಣು ಕೆಂಪಾದ ದಿನ ಶಾಲೆಗೆ ಕೊಟ್ಟ ರಜಾ ಚೀಟಿಯಿಂದ ಆ ದಿನ ಗೊತ್ತಾಯಿತು. 28 ದಿನ ಕೂಡಿಸಿದರೆ ಡಿಸೆಂಬರ್ 18. ಅಲ್ಲಿಗೆ ಅದರ ಆಯುಸ್ಸು ಮುಗಿದಿತ್ತು.

ಎರಡನೆಯದು ಪುಡಿಗೆ ನೀರು ಬೆರೆಸಿ ಮಾಡುವ ಆ್ಯಂಟಿಬಯೋಟಿಕ್ ಸಿರಪ್. ಪುಡಿಯಾಗಿದ್ದಾಗ ಅದಕ್ಕೆ ವರ್ಷಗಟ್ಟಲೆ ಆಯುಸ್ಸು. ನೀರು ಬಿದ್ದ ಕ್ಷಣದಿಂದ ದಿನಗಳ ಲೆಕ್ಕ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಬಗೆಯದ್ದನ್ನು ಫ್ರಿಜ್‌ನಲ್ಲಿಟ್ಟು ಏಳು ದಿನದೊಳಗೆ ಮುಗಿಸಬೇಕು. ನಮ್ಮ ಫ್ರಿಜ್ ಬಾಗಿಲಲ್ಲಿ ಅಕ್ಟೋಬರ್‌ನ ಬಾಟಲಿ ಜನವರಿಯವರೆಗೆ ಕೂತಿತ್ತು. ಫ್ರಿಜ್‌ನಲ್ಲಿದೆ, ಕೆಟ್ಟಿರಲ್ಲ ಅಂತ ಅನಿಸುತ್ತದೆ ಅಲ್ವಾ? ಹಾಲಿನಂತೆ ಅದು ಒಡೆದು ತೋರಿಸುವುದಿಲ್ಲ. ಬಣ್ಣ, ವಾಸನೆ ಹಾಗೇ ಇದ್ದು ಶಕ್ತಿ ಮಾತ್ರ ಹೋಗಿರುತ್ತದೆ.

ಇನ್ಸುಲಿನ್‌ಗೂ ಎರಡು ಡೇಟ್. ತೆರೆಯದ್ದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ನಿಂದ ದೂರ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ಬಳಕೆಗೆ ತೆಗೆದ ಮೇಲೆ ಹಲವು ಬಗೆಗೆ 28 ದಿನ, ಕೆಲವಕ್ಕೆ ಬೇರೆ ಅವಧಿ. ಪೊಟ್ಟಣದ ಒಳಗಿನ ಹಾಳೆಯಲ್ಲಿ ಬರೆದಿರುತ್ತದೆ, ಅದನ್ನೇ ನಂಬಿ. ಅತ್ತೆಯ ಪೆನ್ನಿಗೆ 28 ದಿನ. ಜನವರಿ 2ಕ್ಕೆ ಶುರುಮಾಡಿದ್ದರು, ಆದ್ದರಿಂದ ಜನವರಿ 30 ಕೊನೆ, ಒಳಗೆ ಔಷಧಿ ಉಳಿದಿದ್ದರೂ.

ಶುಗರ್ ನೋಡುವ ಸ್ಟ್ರಿಪ್‌ಗಳನ್ನು ಔಷಧಿ ಎಂದು ಯಾರೂ ಎಣಿಸುವುದಿಲ್ಲ. ಆದರೆ ಅದರ ಡಬ್ಬಿ ತೆರೆದ ಮೇಲೆ ತೇವ ಹೀರುತ್ತದೆ, ಮೀಟರ್ ತಪ್ಪು ಅಂಕಿ ತೋರಿಸುತ್ತದೆ. ಆ ತಪ್ಪು ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿದರೆ ಅಪಾಯ. ನಮ್ಮ ಡಬ್ಬಿಯ ಮೇಲೆ "ತೆರೆದ ಮೂರು ತಿಂಗಳೊಳಗೆ" ಎಂದಿತ್ತು. ಸೆಪ್ಟೆಂಬರ್ 14ಕ್ಕೆ ತೆರೆದದ್ದು. ಸುಮಾರು ಒಂದು ತಿಂಗಳಿಂದ ಅತ್ತೆ ಅವಧಿ ಮೀರಿದ ಸ್ಟ್ರಿಪ್‌ನಲ್ಲೇ ನೋಡಿಕೊಳ್ಳುತ್ತಿದ್ದರು. ಇಡೀ ಲೆಕ್ಕದಲ್ಲಿ ನನಗೆ ಜಾಸ್ತಿ ಭಯವಾದದ್ದು ಇದನ್ನು ನೋಡಿ.

ಮಾಮೂಲಿ ಕೆಮ್ಮು, ಜ್ವರದ ಸಿರಪ್‌ಗೆ ಲೇಬಲ್‌ನಲ್ಲಿ ಅವಧಿ ಕೊಟ್ಟಿದ್ದರೆ ಅದು. ಕೊಡದಿದ್ದರೆ ನಾನು ಆರು ತಿಂಗಳು ಎಂದು ಇಟ್ಟುಕೊಂಡಿದ್ದೇನೆ. ಯಾವತ್ತು ತೆರೆದದ್ದೆಂದು ಗೊತ್ತೇ ಇಲ್ಲದ ಬಾಟಲಿ ನೇರ ಬಿಸಾಡುವ ಗುಂಪಿಗೆ. ಓಆರ್‌ಎಸ್ ಪುಡಿಯನ್ನು ನೀರಿಗೆ ಬೆರೆಸಿದ ಮೇಲೆ 24 ಗಂಟೆ ಅಷ್ಟೆ.

ಇನ್ನು ಮುಂದೆ ಸೀಲ್ ಒಡೆದ ಕೂಡಲೇ ಬಿಳಿ ಟೇಪ್ ಅಂಟಿಸಿ ಎರಡು ಸಾಲು ಬರೆಯಿರಿ: ತೆರೆದದ್ದು ಇಂಥ ದಿನ, ಕೊನೆ ಇಂಥ ದಿನ. ಮಕ್ಕಳ ಸಿರಪ್ ಆದರೆ ಮೂರನೇ ಸಾಲು: ಮಗುವಿನ ಹೆಸರು, 5 ಎಂ.ಎಲ್‌ನಲ್ಲಿ ಎಷ್ಟು ಮಿ.ಗ್ರಾಂ, ಡಾಕ್ಟರು ಹೇಳಿದ ಪ್ರಮಾಣ. ಮಗುವಿನ ತೂಕ ಹೆಚ್ಚಿದಂತೆ ಪ್ರಮಾಣ ಬದಲಾಗುತ್ತದೆ, ಹಾಗಾಗಿ ಆವತ್ತಿನ ತೂಕವನ್ನೂ ಬರೆಯಿರಿ.

## ನೋಟ್‌ಪುಸ್ತಕದ ಪುಟ

ಔಷಧಿಯ ಹೆಸರಿನ ಅಕ್ಷರ ಕ್ರಮದಲ್ಲಿ ಬರೆದರೆ ನೋಡಲು ಚೆಂದ, ಉಪಯೋಗ ಕಡಿಮೆ. ಕೊನೆಯ ದಿನದ ಕ್ರಮದಲ್ಲಿ ಬರೆಯಿರಿ. ಆಗ ಮೇಲಿನ ಎರಡು ಮೂರು ಸಾಲು ನೋಡಿದರೆ ಸಾಕು, ಮುಂದೆ ಯಾವುದು ಹೋಗುತ್ತದೆ ಎಂದು ಗೊತ್ತಾಗುತ್ತದೆ. ನಮ್ಮ ಪುಟದ ಕೆಲವು ಸಾಲು ಹೀಗಿದ್ದವು:

| ವಸ್ತು | ಉಳಿದದ್ದು | ಮುದ್ರಿತ ಡೇಟ್ | ತೆರೆದ ದಿನ | ನಿಜವಾದ ಕೊನೆಯ ದಿನ |
|---|---|---|---|---|
| ಶುಗರ್ ಸ್ಟ್ರಿಪ್ | 11 | 09/2026 | 14-9-2025 | 14-12-2025, ಬಿಸಾಡು |
| ಕಣ್ಣಿನ ಡ್ರಾಪ್ಸ್ | ಅರ್ಧ | 05/2027 | 20-11-2025 | 18-12-2025, ಬಿಸಾಡು |
| ಇನ್ಸುಲಿನ್ ಪೆನ್ | ಬಳಕೆಯಲ್ಲಿ | 12/2026 | 2-1-2026 | 30-1-2026 |
| ಓಆರ್‌ಎಸ್ ಪ್ಯಾಕೆಟ್ | 4 | 02/2026 | ತೆರೆದಿಲ್ಲ | 28-2-2026 |
| ಅತ್ತೆಯ ಬಿಪಿ ಮಾತ್ರೆ | 12 | 10/2026 | ಸ್ಟ್ರಿಪ್ | 31-10-2026 |
| ಪ್ಯಾರಸಿಟಮಾಲ್ 650 | 9 | 08/2027 | ಸ್ಟ್ರಿಪ್ | 31-8-2027 |

ಒಟ್ಟು 29 ವಸ್ತು ಸಿಕ್ಕಿದ್ದವು. ಅದರಲ್ಲಿ 15 ಹೊರಗೆ ಹೋದವು. ಆ 15ರಲ್ಲಿ ಮುದ್ರಿತ ಡೇಟ್ ಮುಗಿದದ್ದು ನಾಲ್ಕೇ. ನಾಲ್ಕು ಡೇಟಿಲ್ಲದ ತುಂಡುಗಳು. ಇನ್ನು ನಾಲ್ಕು, ಮೇಲಿನ ಡೇಟ್ ಚೆನ್ನಾಗಿದ್ದರೂ ತೆರೆದ ಲೆಕ್ಕದಲ್ಲಿ ಮುಗಿದವು: ಡ್ರಾಪ್ಸ್, ಆ್ಯಂಟಿಬಯೋಟಿಕ್ ಸಿರಪ್, ಶುಗರ್ ಸ್ಟ್ರಿಪ್, ಮತ್ತೆ ಆ 250ರ ಬಾಟಲಿ. ಮುದ್ರಿತ ಡೇಟ್ ಮಾತ್ರ ನೋಡಿದ್ದರೆ ಹನ್ನೊಂದು ವಸ್ತು ಡಬ್ಬಿಗೆ ವಾಪಸ್ ಹೋಗುತ್ತಿದ್ದವು.

ಉಳಿದ ಮೂರರಲ್ಲಿ ಒಂದು, ಬಿಡಿ ಡಬ್ಬಿಯಲ್ಲಿದ್ದ ಆಸ್ಪಿರಿನ್. ಡೇಟ್ ಇತ್ತು, ಆದರೆ ಮುಚ್ಚಳ ತೆಗೆದರೆ ವಿನೆಗರ್ ವಾಸನೆ. ಆಸ್ಪಿರಿನ್‌ಗೆ ತೇವ ತಾಗಿದರೆ ಒಡೆದು ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ವಿನೆಗರ್‌ನಲ್ಲಿ ಇರುವುದೂ ಅದೇ. ಆ ಡಬ್ಬಿ ಸಿಕ್ಕಿದ್ದು ಒಲೆಯ ಮೇಲಿನ ಶೆಲ್ಫ್‌ನಲ್ಲಿ. ಹೆಚ್ಚಿನ ಔಷಧಿಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕಡಿಮೆಯಲ್ಲಿಡಿ ಎಂದು ಬರೆದಿರುತ್ತದೆ. ಒಲೆ ಪಕ್ಕ, ಬಚ್ಚಲು, ಫ್ರಿಜ್‌ನ ತಲೆ ಮೇಲೆ, ಬಿಸಿಲಿಗೆ ನಿಂತ ಕಾರು, ಈ ನಾಲ್ಕೂ ಔಷಧಿ ಇಡುವ ಜಾಗವಲ್ಲ. ಮಾತ್ರೆ ಉಬ್ಬಿದ್ದರೆ, ಕಲೆ ಬಿದ್ದಿದ್ದರೆ, ಪುಡಿಯಾಗುತ್ತಿದ್ದರೆ, ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿದ್ದರೆ, ಡೇಟ್ ನೋಡುವ ಅಗತ್ಯವೇ ಇಲ್ಲ.

ಡೇಟ್ ಮುಗಿದ ಮರುದಿನ ಮಾತ್ರೆ ವಿಷವಾಗುತ್ತದೆಯೇ ಎಂದು ನನ್ನ ಗಂಡ ಕೇಳಿದರು. ಹೆಚ್ಚಿನವು ಆಗುವುದಿಲ್ಲ. ಅಮೆರಿಕದ ಸೇನೆಯ ದಾಸ್ತಾನಿನಲ್ಲಿದ್ದ 122 ಔಷಧಿಗಳನ್ನು ಪರೀಕ್ಷಿಸಿದ ವರದಿ 2006ರಲ್ಲಿ ಬಂತು. ಪರೀಕ್ಷಿಸಿದ ಲಾಟ್‌ಗಳಲ್ಲಿ 88% ಮುದ್ರಿತ ಡೇಟ್ ದಾಟಿಯೂ ಕನಿಷ್ಠ ಒಂದು ವರ್ಷ ಚೆನ್ನಾಗಿದ್ದವು. ಆದರೆ ಅವು ಸೀಲ್ ಒಡೆಯದೆ, ಹದವಾದ ಗೋದಾಮಿನಲ್ಲಿ ಇದ್ದಂಥವು. ಮಲೆನಾಡಿನ ಮಳೆಗಾಲ ಕಂಡ ನಮ್ಮ ತಗಡಿನ ಡಬ್ಬಿಗೆ ಆ ಫಲಿತಾಂಶ ಅನ್ವಯಿಸುವುದಿಲ್ಲ. ಇನ್ಸುಲಿನ್, ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ, ಉಬ್ಬಸದ ಇನ್ಹೇಲರ್, ಇವುಗಳಲ್ಲಂತೂ ಒಂದು ದಿನವೂ ರಿಯಾಯಿತಿ ಬೇಡ. ಬೇಕಾದ ಗಳಿಗೆಯಲ್ಲಿ ಅವು ಕೆಲಸ ಮಾಡಲೇಬೇಕು.

## ಬಿಸಾಡುವುದು ಹೇಗೆ

ಸಿಂಕಿಗೆ ಸುರಿಯಬೇಡಿ, ಸುಡಬೇಡಿ, ಹಿತ್ತಲ ಗೊಬ್ಬರದ ಗುಂಡಿಗೆ ಹಾಕಬೇಡಿ. ಮನೆಕೆಲಸಕ್ಕೆ ಬರುವವರಿಗೆ "ಡೇಟ್ ಈಗಷ್ಟೇ ಮುಗಿದಿದೆ, ತಗೊಳ್ಳಿ" ಎಂದು ಕೊಡುವುದನ್ನೂ ನೋಡಿದ್ದೇನೆ. ನಮ್ಮ ಮಗುವಿಗೆ ಕೊಡದ್ದನ್ನು ಇನ್ನೊಬ್ಬರ ಮಗುವಿಗೆ ಕೊಡುವುದು ತಪ್ಪು.

ನಾನು ಮಾಡಿದ್ದು ಇಷ್ಟು. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಪುಡಿ ಮಾಡದೆ, ಸೋಸಿ ಉಳಿದ ಕಾಫಿಪುಡಿ ಚರಟದ ಜೊತೆ ಕಲಸಿದೆ. ಒದ್ದೆ ಮಣ್ಣೂ ಆಗುತ್ತದೆ. ಸಿರಪ್‌ಗಳನ್ನೂ ಮಣ್ಣಿಗೆ ಹೀರಿಸಿ ಅದಕ್ಕೇ ಸೇರಿಸಿದೆ. ಹೀಗೆ ಮಾಡಿದರೆ ಕಸ ಆಯುವವರಾಗಲೀ ನಾಯಿ, ದನವಾಗಲೀ ಅದನ್ನು ಮುಟ್ಟುವುದಿಲ್ಲ. ಎಲ್ಲವನ್ನೂ ದಪ್ಪ ಕವರಿನಲ್ಲಿ ಕಟ್ಟಿ, ಮೇಲೆ ಕೆಂಪು ಬಣ್ಣದಲ್ಲಿ "ಹಳೆ ಔಷಧಿ" ಎಂದು ಬರೆದೆ. ಖಾಲಿ ಸ್ಟ್ರಿಪ್ ಮತ್ತು ಲೇಬಲ್‌ಗಳನ್ನು ಕತ್ತರಿಸಿ ಹಾಕಿದೆ, ಯಾರೂ ಮರುಬಳಕೆ ಮಾಡಬಾರದು ಎಂದು.

2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿ ಮತ್ತು ಬಳಸಿದ ಸೂಜಿಗಳನ್ನು ಮನೆಯ ಅಪಾಯಕಾರಿ ಕಸ ಎಂದು ಹೆಸರಿಸಿದ್ದವು. ಅಂದರೆ ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ, ಪ್ರತ್ಯೇಕವಾಗಿ ಕೊಡಬೇಕು. ಕಸದ ಗಾಡಿಯವರ ಕೈಗೆ ಕೊಡುವಾಗ ಏನೆಂದು ಬಾಯಲ್ಲೂ ಹೇಳಿ. ಅತ್ತೆಯ ಇನ್ಸುಲಿನ್ ಸೂಜಿಗಳು ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹೋಗುತ್ತವೆ. ಮುಕ್ಕಾಲು ತುಂಬಿದಾಗ ಮುಚ್ಚಳಕ್ಕೆ ಟೇಪ್ ಸುತ್ತುತ್ತೇವೆ. ಇನ್ಹೇಲರ್ ಖಾಲಿಯಾದರೂ ಚುಚ್ಚಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ.

ಇದಕ್ಕೆ ಒಂದು ಅಪವಾದ ಇದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ 17 ಔಷಧಿಗಳನ್ನು ಮಾತ್ರ ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ ಎಂದಿದೆ. ಮನೆಯವರು ತಪ್ಪಿ ಒಂದೇ ಒಂದು ನುಂಗಿದರೂ ಅಪಾಯ ಆಗಬಲ್ಲಂಥವು ಅವು. ನಮ್ಮಂಥ ಮನೆಗಳಲ್ಲಿ ಸಿಗಬಹುದಾದವು ಅದರಲ್ಲಿ ಮೂರು: ಜೋರು ನೋವಿಗೆ ಕೊಡುವ ಟ್ರಮಡಾಲ್ ಮತ್ತು ಟ್ಯಾಪೆಂಟಡಾಲ್, ನಿದ್ದೆ ಅಥವಾ ಆತಂಕಕ್ಕೆ ಕೊಡುವ ಡಯಾಜೆಪಾಮ್. ಅತ್ತೆಯ ಮಂಡಿ ಆಪರೇಷನ್ ಆದಾಗಿನ ಆರು ಟ್ರಮಡಾಲ್ ಮಾತ್ರೆ ಉಳಿದಿದ್ದವು. ಅವನ್ನಷ್ಟೇ ಹಾಗೆ ಮಾಡಿದೆವು.

## ಯಾವಾಗ ಮತ್ತೆ ನೋಡುವುದು

ದೊಡ್ಡ ಲೆಕ್ಕ ವರ್ಷಕ್ಕೆ ಎರಡು ಸಲ ಸಾಕು. ನಾನು ಸಂಕ್ರಾಂತಿಗೆ ಮುಂಚೆ ಒಂದು, ಆಷಾಢದಲ್ಲಿ ಒಂದು ಎಂದು ಇಟ್ಟುಕೊಂಡಿದ್ದೇನೆ. ಮಳೆ ಹಿಡಿದ ಮೇಲೆ ಜ್ವರ, ಭೇದಿ ಶುರುವಾಗುತ್ತದೆ, ಡಬ್ಬಿಯೊಳಗೆ ತೇವವೂ ಏರುತ್ತದೆ. ಇದಲ್ಲದೆ ತಿಂಗಳ ಮೊದಲ ಭಾನುವಾರ ಐದು ನಿಮಿಷ, ನೋಟ್‌ಪುಸ್ತಕದ ಮೇಲಿನ ಸಾಲುಗಳನ್ನಷ್ಟೇ ನೋಡುವುದು. ಕೊನೆಯ ದಿನಗಳನ್ನು ಗೋಡೆ ಕ್ಯಾಲೆಂಡರಿನಲ್ಲೂ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೇನೆ. ಜನವರಿ 30ಕ್ಕೆ "ಪೆನ್", ಫೆಬ್ರವರಿ 28ಕ್ಕೆ "ಓಆರ್‌ಎಸ್". ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಅದೂ ಕಣ್ಣಿಗೆ ಬೀಳುತ್ತದೆ.

## ತರಬೇಕಾದ ಪಟ್ಟಿ

ಬಿಸಾಡಿದ್ದನ್ನೆಲ್ಲ ಮತ್ತೆ ತರುವುದು ತರಬೇಕಾದ ಪಟ್ಟಿ ಅಲ್ಲ. ನಮ್ಮ ಪಟ್ಟಿ ಮೂರು ಭಾಗವಾಯಿತು.

ಅವತ್ತೇ ತಂದದ್ದು: ಅತ್ತೆಯ ಶುಗರ್ ಸ್ಟ್ರಿಪ್ ಒಂದು ಡಬ್ಬಿ, ಮಗಳ 120ರ ಸಿರಪ್ 60 ಎಂ.ಎಲ್‌ನ ಒಂದೇ ಬಾಟಲಿ, ಡೇಟ್ ಇರುವ ಇಡೀ ಸೆಟಿರಿಜಿನ್ ಸ್ಟ್ರಿಪ್, ನವೆಂಬರ್‌ನಲ್ಲಿ ಡೇಟ್ ಮುಗಿದಿದ್ದ ಪೊವಿಡೋನ್ ಅಯೋಡಿನ್ ಮುಲಾಮಿನ ಬದಲು ಚಿಕ್ಕ ಟ್ಯೂಬು. ದೊಡ್ಡ ಟ್ಯೂಬ್ ಅಗ್ಗ ಅನಿಸುತ್ತದೆ, ಆದರೆ ಮುಕ್ಕಾಲು ಭಾಗ ಬಿಸಾಡಬೇಕಾಗುತ್ತದೆ. ಆಸ್ಪಿರಿನ್ ಅನ್ನು ಅತ್ತೆಯ ಡಾಕ್ಟರನ್ನು ಕೇಳಿದ ಮೇಲೆ, ಈ ಸಲ ಸ್ಟ್ರಿಪ್‌ನಲ್ಲಿ ತಂದೆವು.

ಕಾದು ತರಬೇಕಾದ್ದು: ಓಆರ್‌ಎಸ್ ನಾಲ್ಕು ಪ್ಯಾಕೆಟ್, ಫೆಬ್ರವರಿ ಮಧ್ಯದಲ್ಲಿ. ಕೊಳ್ಳುವಾಗ ಒಂದು ಲೀಟರಿಗೆ ಬೆರೆಸುವುದೋ 200 ಎಂ.ಎಲ್‌ಗೋ ನೋಡಿ, ಎರಡೂ ಸಿಗುತ್ತವೆ. ಒಂದು ಲೀಟರಿನ ಪುಡಿಯನ್ನು ಒಂದು ಲೋಟಕ್ಕೆ ಬೆರೆಸಿದರೆ ಉಪ್ಪು ಅತಿಯಾಗಿ ಮಗುವಿಗೆ ತೊಂದರೆ ಆಗುತ್ತದೆ. ಬಿಪಿ ಮಾತ್ರೆಯನ್ನು ಹತ್ತು ಉಳಿದಾಗ ತರುವುದು ಎಂದು ಗೆರೆ ಹಾಕಿದ್ದೇವೆ. ಅವತ್ತು 12 ಇದ್ದವು, ಎರಡು ದಿನ ಬಿಟ್ಟು ತಂದೆವು. ಹೊಸ ಸ್ಟ್ರಿಪ್ ಬಂದಾಗ ಅದು ಡಬ್ಬಿಯ ಹಿಂದೆ, ಮೊದಲು ಡೇಟ್ ಮುಗಿಯುವುದು ಮುಂದೆ.

ತರಲೇಬಾರದ್ದು: ಆ್ಯಂಟಿಬಯೋಟಿಕ್. ಬಿಸಾಡಿದ 15ರಲ್ಲಿ ಕೊನೆಯದು ಗಂಡನ ಹಳೆ ಕೋರ್ಸಿನ ಎರಡು ಅಜಿಥ್ರೊಮೈಸಿನ್ ಮಾತ್ರೆ. ಡೇಟ್ ಇತ್ತು, ಸ್ಟ್ರಿಪ್ ಚೆನ್ನಾಗಿತ್ತು. ಆದರೂ ಹೊರಗೆ. ಅದು ಮನೆಯಲ್ಲಿದ್ದರೆ ಮುಂದಿನ ಗಂಟಲು ನೋವಿಗೆ ಯಾರೋ ಒಬ್ಬರು ಸುಮ್ನೆ ನುಂಗುತ್ತಾರೆ. ಸ್ಟ್ರಿಪ್ ಹಿಂಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ. ಅಂಥದ್ದು ಈಗ ನಮ್ಮ ಡಬ್ಬಿಯಲ್ಲಿ ಅತ್ತೆ ದಿನಾ ತೆಗೆದುಕೊಳ್ಳುವುದು ಬಿಟ್ಟರೆ ಬೇರೆ ಇಲ್ಲ.

ತಗಡಿನ ಡಬ್ಬಿ ಹೋಗಿ ಈಗ ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಗಳು ಎರಡು ಬಂದಿವೆ. ಒಂದು ಅತ್ತೆಯದು, ಅವರ ಕೈಗೆ ಎಟಕುವ ಕಡೆ, ಆದರೆ ಚಿಲಕ ಇರುವ ಕಪಾಟಿನೊಳಗೆ. ಇನ್ನೊಂದು ಮಲಗುವ ಕೋಣೆಯ ಬೀರುವಿನ ಮೇಲಿನ ಖಾನೆಯಲ್ಲಿ. ಮಗಳ ಸಿರಪ್ ಬಾಟಲಿಗೆ ಅಂಟಿಸಿದ ಟೇಪಿನ ಮೇಲೆ ಅತ್ತೆ ತಾವೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಪುಟ್ಟಿ, 120, 18 ಕೆಜಿ, ಏಳೂವರೆ." ತೆರೆದ ದಿನದ ಸಾಲು ಇನ್ನೂ ಖಾಲಿ ಇದೆ.